ಗೇಟು ಎತ್ತುವ ಮೊದಲೇ ಜೋಳ ಗಡ್ಡಿ ಸೇರಲಿ

ನಾರಾಯಣಪುರದ ಬಸವಸಾಗರ ತುಂಬಿದರೆ ಹಿಡಿಯುವ ನೀರು ಸುಮಾರು 33 ಟಿಎಂಸಿ ಅಡಿ. ಒಂದು ಲಕ್ಷ ಕ್ಯೂಸೆಕ್‌ ಒಳಹರಿವು ಒಂದು ಹಗಲು, ಒಂದು ರಾತ್ರಿ ಎಡೆಬಿಡದೆ ಬಂದರೆ ಅದು ಎಂಟೂವರೆ ಟಿಎಂಸಿಗೂ ಹೆಚ್ಚು. 2019ರ ಆಗಸ್ಟ್‌ನಲ್ಲಿ ಈ ಜಲಾಶಯದಿಂದ ಆರು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟಿದ್ದನ್ನು ಕೃಷ್ಣಾ ತೀರದ ಯಾರೂ ಮರೆತಿಲ್ಲ. ಆರು ಲಕ್ಷ ಎಂದರೆ ದಿನಕ್ಕೆ ಸುಮಾರು 52 ಟಿಎಂಸಿ. ಜಲಾಶಯ ಪೂರ್ತಿ ಬರಿದಾಗಿದ್ದರೂ ಅಂಥ ಹರಿವಿಗೆ ಹದಿನಾರು ಗಂಟೆಯೊಳಗೆ ತುಂಬಿ ತುಳುಕುತ್ತದೆ. ಹಾಗಾಗಿ ಮೇಲಿನಿಂದ ಬಂದಷ್ಟನ್ನೂ ಕೆಳಗೆ ಬಿಡದೆ ಅಣೆಕಟ್ಟೆಯ ಎಂಜಿನಿಯರುಗಳಿಗೆ ಬೇರೆ ದಾರಿ ಇಲ್ಲ. ಗೇಟು ಎತ್ತಿದ್ದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ.

ಬೈಯಬೇಕಾದ ಜಾಗ ಬೇರೆ ಇದೆ. ಈ ನೀರು ಕಳ್ಳನ ಹಾಗೆ ಬರುವುದಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜಡಿದು, ಕೊಯ್ನಾ ತುಂಬಿ, ರಾಜಾಪುರ ಬ್ಯಾರೇಜಿನ ಅಂಕಿ ಏರಿ, ಆಲಮಟ್ಟಿಯ ಒಳಹರಿವು ಟಿವಿಯ ಕೆಳಪಟ್ಟಿಯಲ್ಲಿ ಓಡತೊಡಗಿ, ಆಮೇಲೆ ಅದು ನಾರಾಯಣಪುರಕ್ಕೆ ಬರುತ್ತದೆ. ಅಷ್ಟಕ್ಕೆ ದಿನಗಳೇ ಹಿಡಿಯುತ್ತವೆ. ಹೊಳೆದಂಡೆಯಲ್ಲಿ ಡಂಗುರ ಹೊಡೆಯುತ್ತಾರೆ, ಜಾನುವಾರು ಇಳಿಸಬೇಡಿ ಎನ್ನುತ್ತಾರೆ, ಪಂಪ್‌ಸೆಟ್ ಎತ್ತಿಕೊಳ್ಳಿ ಎನ್ನುತ್ತಾರೆ. ಸುದ್ದಿ ಹೊಳೆಗಿಂತ ಮುಂಚೆ ಊರು ಮುಟ್ಟುತ್ತದೆ. ಊಟ ಮಾತ್ರ ಹೊಳೆ ಬಂದ ಮೇಲೆ, ಬೋಟಿನಲ್ಲಿ, ಪೊಟ್ಟಣ ಕಟ್ಟಿಕೊಂಡು, ಕ್ಯಾಮೆರಾದ ಜೊತೆ ಹೊರಡುತ್ತದೆ. ಈ ಹಿಂದುಮುಂದನ್ನು ನಾವು ಎಷ್ಟು ವರ್ಷ ಸಹಿಸುವುದು?

ಹುಣಸಗಿ, ಸುರಪುರ, ಶಹಾಪುರದಿಂದ ಆಚೆಯ ಲಿಂಗಸುಗೂರುವರೆಗೆ ಕೃಷ್ಣೆ ನೇರಕ್ಕೆ ಹರಿಯುವುದಿಲ್ಲ. ಬಂಡೆಗಳ ನಡುವೆ ಸೀಳಿಕೊಂಡು, ಸುತ್ತಿ ಬಳಸಿ ಹರಿಯುತ್ತಾಳೆ. ಆ ಸೀಳುಗಳ ನಡುವಿನ ನೆಲವೇ ಗಡ್ಡಿ. ಕಕ್ಕೇರಾ ಸಮೀಪದ ನೀಲಕಂಠರಾಯನ ಗಡ್ಡಿ, ಲಿಂಗಸುಗೂರು ಕಡೆಯ ಕರಕಲಗಡ್ಡಿ, ಮ್ಯಾದರಗಡ್ಡಿ: ಈ ಹೆಸರುಗಳು ಪತ್ರಿಕೆಗಳಲ್ಲಿ ಕಾಣುವುದು ಜುಲೈ ಬಂದಾಗ. ಬೇಸಿಗೆಯಲ್ಲಿ ಬಂಡೆ ಮೆಟ್ಟಿ ನಡೆದು ದಾಟುವ ಹೊಳೆ ಅದು. ಮಳೆಗಾಲದಲ್ಲಿ ಅದೇ ದಾರಿಯ ಮೇಲೆ ಆಳುದ್ದ ನೀರು, ಅದರ ಕೆಳಗೆ ಕಾಣದ ಕಲ್ಲು.

2014ರ ಜುಲೈ ಕೊನೆಯಲ್ಲಿ ನೀಲಕಂಠರಾಯನ ಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಆ ಹೊಳೆಯನ್ನು ಈಜಿದಳು. ಮನೆಯ ಗಂಡಸರು ಸುತ್ತ ಈಜುತ್ತಿದ್ದರು. ಆಸ್ಪತ್ರೆ ಇರುವ ದಡದಲ್ಲಿ ಹೆರಿಗೆಯಾಗಬೇಕೆಂಬುದು ಅವಳ ಹಟ. ದೇಶದ ಪತ್ರಿಕೆಗಳೆಲ್ಲ ಅವಳ ಧೈರ್ಯವನ್ನು ಕೊಂಡಾಡಿದವು. ಕೊಂಡಾಡಲಿ. ಆದರೆ ಒಂಬತ್ತು ತಿಂಗಳ ಗರ್ಭ ಯಾವತ್ತೂ ಅನಿರೀಕ್ಷಿತ ಅಲ್ಲ. ಅವಳ ಹೆರಿಗೆಯ ದಿನಾಂಕ ತಾಯಿ ಕಾರ್ಡಿನಲ್ಲಿ ತಿಂಗಳುಗಳ ಮೊದಲೇ ಬರೆದಿಡುವಂಥದ್ದು. ಹೊಳೆ ಬರುವ ತಿಂಗಳೂ ಎಲ್ಲರಿಗೂ ಗೊತ್ತಿದ್ದದ್ದೇ. ಆ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಒಬ್ಬರಿದ್ದರೆ ಅವಳು ಜೂನ್‌ನಲ್ಲೇ ನಡೆದು ದಾಟುತ್ತಿದ್ದಳು.

ಸೇತುವೆ ಬೇಕೆಂಬ ಹೋರಾಟ ನ್ಯಾಯದ್ದು, ಅದು ನಿಲ್ಲಬಾರದು. ಆದರೆ ಸೇತುವೆಯೂ ಒಂದು ಮಟ್ಟದವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ, ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ದೊಡ್ಡ ನೀರಿನಲ್ಲಿ ಮುಳುಗುವುದನ್ನು ಮತ್ತೆ ಮತ್ತೆ ಕಂಡಿದ್ದೇವೆ. ಆ ದಿನಗಳಿಗೆ ಬೇಕಾದದ್ದು ದಡದ ಆಚೆ ಮೊದಲೇ ಇಟ್ಟ ದಾಸ್ತಾನು. ಎಷ್ಟು ದಾಸ್ತಾನು ಎಂಬುದನ್ನು ಒಮ್ಮೆ ಸಾವಧಾನವಾಗಿ ಲೆಕ್ಕ ಹಾಕೋಣ, ಏಕೆಂದರೆ ಅದು ಭಾರಿ ಖರ್ಚಿನ ಮಾತೆಂಬ ಭ್ರಮೆ ಲೆಕ್ಕ ಹಾಕದೆ ಹುಟ್ಟಿದ್ದು.

ಒಂದು ಗಡ್ಡಿಯಲ್ಲಿ 60 ಮನೆ, 300 ಜನ ಎಂದಿಟ್ಟುಕೊಳ್ಳಿ. ಹದಿನೈದು ದಿನ ದಾರಿ ಕಡಿಯಿತು. ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ ಸ್ಫಿಯರ್‌ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲರಿ ಬೇಕು. ಅದರ ಹತ್ತಿರ ಮುಟ್ಟಬೇಕಾದರೆ ತಲೆಗೆ ಸುಮಾರು 400 ಗ್ರಾಂ ಕಾಳು, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, ಚಿಟಿಕೆ ಉಪ್ಪು, ಜೊತೆಗೆ ಒಂದಿಷ್ಟು ಶೇಂಗಾ, ಬೆಲ್ಲ. ಮುನ್ನೂರು ಜನಕ್ಕೆ ಹದಿನೈದು ದಿನಕ್ಕೆ ಕಾಳು 18 ಕ್ವಿಂಟಲ್‌, ಬೇಳೆ 270 ಕಿಲೊ, ಎಣ್ಣೆ ಸುಮಾರು 112 ಕಿಲೊ. ಉಪ್ಪೂ ಸೇರಿ 22 ಕ್ವಿಂಟಲ್‌. ಅಷ್ಟೂ ಒಂದು ಟ್ರ್ಯಾಕ್ಟರ್‌ ಟ್ರೇಲರಿನ ಭಾರಕ್ಕಿಂತ ಕಡಿಮೆ! ಹೊಳೆ ಬತ್ತಿದ ಮೇ ತಿಂಗಳಲ್ಲಿ ಊರ ಹುಡುಗರು ತಲೆಮೇಲೆ ಹೊತ್ತರೂ ಎರಡು ದಿನದಲ್ಲಿ ಮುಗಿಯುವ ಕೆಲಸ.

ಇದನ್ನೇ ಜುಲೈನಲ್ಲಿ ಸಾಗಿಸಿ ನೋಡಿ. ರಬ್ಬರ್‌ ಬೋಟಿನಲ್ಲಿ ಚಾಲಕ, ಇಬ್ಬರು ಸಿಬ್ಬಂದಿ, ಪೆಟ್ರೋಲ್‌ ಕ್ಯಾನು ಕೂತ ಮೇಲೆ ಆ ಸೆಳವಿನಲ್ಲಿ ಮೂರ್ನಾಲ್ಕು ಕ್ವಿಂಟಲ್‌ಗಿಂತ ಹೆಚ್ಚು ಹೇರುವುದು ಪ್ರಾಣದ ಜೊತೆ ಆಟ. ಆರೇಳು ಸಲ ಹೋಗಿ ಬರಬೇಕು, ಅದೂ ಹಗಲಿನಲ್ಲೇ. ಕೃಷ್ಣೆಯ ಈ ಪಾತ್ರದಲ್ಲಿ ಮೋಟರಿನ ರೆಕ್ಕೆ ಕಲ್ಲಿಗೆ ಬಡಿದರೆ ಬೋಟು ಅಡ್ಡ ತಿರುಗುತ್ತದೆ. 2019ರ ಆಗಸ್ಟ್‌ 12ರಂದು ಗಂಗಾವತಿಯ ವಿರೂಪಾಪುರ ಗಡ್ಡೆಯಲ್ಲಿ ತುಂಗಭದ್ರೆಯ ಸೆಳವಿಗೆ ರಕ್ಷಣಾ ಬೋಟೇ ಮಗುಚಿತು. ನುರಿತ ಸಿಬ್ಬಂದಿಯೇ ನೀರಿಗೆ ಬಿದ್ದರು. ಎಲ್ಲರೂ ಬದುಕಿದ್ದು ದೊಡ್ಡದು. ಒಂದು ಚೀಲ ಅಕ್ಕಿ ದಾಟಿಸಲು ಆ ಹುಡುಗರನ್ನು ಅಂಥ ನೀರಿಗೆ ಇಳಿಸುವ ಹಕ್ಕು ನಮಗಿಲ್ಲ. ಬೋಟು ಜ್ವರದ ಮಗುವಿಗೆ, ಹಾವು ಕಡಿದವರಿಗೆ, ಎದೆನೋವಿನ ಮುದುಕನಿಗೆ ಮೀಸಲಾಗಬೇಕು. ಚೀಲಗಳೆಲ್ಲ ಮೇ ತಿಂಗಳಲ್ಲೇ ದಾಟಿದ್ದರೆ ಮಾತ್ರ ಅದು ಸಾಧ್ಯ.

ಯಾವ ಕಾಳು ಇಡಬೇಕು ಎಂಬುದನ್ನು ಬೆಂಗಳೂರಿನಲ್ಲಿ ಕೂತು ತೀರ್ಮಾನಿಸಬಾರದು. ನಮ್ಮವರು ರೊಟ್ಟಿ ತಿನ್ನುವವರು. ಜೋಳ ಇಟ್ಟರಾಯಿತಲ್ಲ ಎಂದರೆ, ಗಿರಣಿ ಎಲ್ಲಿದೆ? ಗಡ್ಡಿಗೆ ಹೋಗುವ ವಿದ್ಯುತ್‌ ತಂತಿ ಹೊಳೆ ದಾಟಿಯೇ ಹೋಗಬೇಕು. ನೀರು ಏರಿದ ಕೂಡಲೇ ಲೈನು ಬಂದ್‌ ಮಾಡುತ್ತಾರೆ, ಮಾಡಲೇಬೇಕು. ಕರೆಂಟ್‌ ಹೋದರೆ ಗಿರಣಿ ನಿಂತಿತು, ಜೋಳ ಕಾಳಾಗಿಯೇ ಉಳಿಯಿತು. ಹಿಟ್ಟು ಬೀಸಿ ಇಡೋಣವೆಂದರೆ ಜೋಳದ ಹಿಟ್ಟು ಮಳೆಗಾಲದಲ್ಲಿ ಬಹಳ ದಿನ ತಾಳದು. ಕಮಟು ಹಿಡಿಯುತ್ತದೆ, ಜಿಗಿ ಹೋಗಿ ತಟ್ಟಿದ ರೊಟ್ಟಿ ಅಂಚಿನಲ್ಲೇ ಒಡೆಯುತ್ತದೆ. ಹಾಗಾಗಿ ಕಾಳಿನ ಜೊತೆ ಡೀಸೆಲ್‌ ಎಂಜಿನ್ನಿನ ಸಣ್ಣ ಗಿರಣಿ, ಅದಕ್ಕೆ ಎರಡು ಕ್ಯಾನು ಡೀಸೆಲ್‌ ಇರಬೇಕು. ಇಲ್ಲವೆಂದರೆ ಅರ್ಧ ಅಕ್ಕಿ, ಅರ್ಧ ಜೋಳ ಎಂದು ಹಂಚಿಕೊಳ್ಳಬೇಕು. ಮೊದಲ ಮೂರು ದಿನಕ್ಕೆ, ಸೌದೆ ತೊಯ್ದು ಒಲೆ ಹತ್ತದ ದಿನಗಳಿಗೆ, ಖಡಕ್‌ ರೊಟ್ಟಿಗಿಂತ ಒಳ್ಳೆಯ ತುರ್ತು ಆಹಾರ ನಾನಂತೂ ಕಂಡಿಲ್ಲ. ತೇವ ತಾಗದಂತೆ ಕಟ್ಟಿಟ್ಟರೆ ವಾರಗಟ್ಟಲೆ ಕೆಡದು, ಹಗುರ, ಬೆಂಕಿ ಬೇಡ, ಶೇಂಗಾ ಹಿಂಡಿ ಇದ್ದರೆ ಸಾಕು. 2019ರಲ್ಲಿ ಉತ್ತರ ಕರ್ನಾಟಕದ ಊರೂರುಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು ಲಾರಿಗಳಲ್ಲಿ ಕಳಿಸಿದರು. ಆ ಕೈಗಳಿಗೆ ನಮಸ್ಕಾರ. ಆ ಕೆಲಸ ಜೂನ್‌ ಕೊನೆಯಲ್ಲೇ ನಡೆಯಲಿ, ಹುಣಸಗಿಯ ಸ್ವಸಹಾಯ ಸಂಘಗಳಿಗೆ ಕೂಲಿ ಕೊಟ್ಟು ಮಾಡಿಸಲಿ ಎಂಬುದಷ್ಟೇ ನನ್ನ ಕೇಳಿಕೆ.

ಇನ್ನು ನೀರು. ನೀರಿನ ನಡುವೆಯೇ ಇದ್ದರೂ ಕುಡಿಯಲು ಹನಿ ನೀರಿಲ್ಲದ ಸ್ಥಿತಿ ಅದು. ಮುನ್ನೂರು ಜನ ತಲಾ ಮೂರು ಲೀಟರ್‌ ಕುಡಿದರೂ ಹದಿನೈದು ದಿನಕ್ಕೆ ಹದಿಮೂರೂವರೆ ಸಾವಿರ ಲೀಟರ್‌. ತೂಕದಲ್ಲಿ ಅದು ಆಹಾರದ ಆರು ಪಟ್ಟು. ಬಾಟಲಿ ನೀರಿನ ಪೆಟ್ಟಿಗೆ ಬೋಟಿಗೆ ಹೇರುವ ದಾನಿಗಳು ಈ ಲೆಕ್ಕ ನೋಡಬೇಕು. ಅದರ ಬದಲು ಇಪ್ಪತ್ತು ಲೀಟರಿಗೆ ಒಂದರಂತೆ ಹಾಕುವ ಕ್ಲೋರಿನ್‌ ಗುಳಿಗೆ ಏಳುನೂರು ಇದ್ದರೆ ಅಷ್ಟೂ ನೀರು ಶುದ್ಧವಾಗುತ್ತದೆ. ಅದು ಒಬ್ಬರ ಕೈಚೀಲದಲ್ಲಿ ಹಿಡಿಯುತ್ತದೆ. ಆದರೆ ಕೆಂಪು ರಾಡಿ ನೀರಿಗೆ ನೇರವಾಗಿ ಗುಳಿಗೆ ಹಾಕಿದರೆ ಕ್ಲೋರಿನ್‌ ಮಣ್ಣಿಗೇ ಖರ್ಚಾಗುತ್ತದೆ. ಮೊದಲು ಪಟಿಕ ತಿರುವಿ, ರಾಡಿ ತಳ ಹಿಡಿಯಲು ಬಿಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆಮೇಲೆ ಗುಳಿಗೆ, ಆಮೇಲೆ ಅರ್ಧ ಗಂಟೆ ಕಾಯಬೇಕು. ನೀರಿಗೆ ಕ್ಲೋರಿನ್ನಿನ ಸಣ್ಣ ವಾಸನೆ ಉಳಿದಿದ್ದರೆ ಸರಿ. ವಾಸನೆಯೇ ಇಲ್ಲದಿದ್ದರೆ ಇನ್ನೊಂದು ಹಾಕಬೇಕು. ಬ್ಲೀಚಿಂಗ್‌ ಪೌಡರ್‌ ಇಟ್ಟರೆ ಸಾಲದೇ ಎಂದರೆ, ಮಳೆಗಾಲದ ತೇವಕ್ಕೆ ಅದರ ಶಕ್ತಿ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಕಳೆದ ವರ್ಷದ ಚೀಲ ಈ ವರ್ಷ ಬರೀ ಸುಣ್ಣ.

ಇಷ್ಟೆಲ್ಲ ಆದರೂ, ಸಾಗಿಸಲೇಬೇಕಾದ ಸರಕುಗಳಲ್ಲಿ ಅತಿ ಭಾರದ್ದರ ಹೆಸರು ಇನ್ನೂ ಬಂದಿಲ್ಲ. ಅದು ಮೇವು.

ಕಾಳಜಿ ಕೇಂದ್ರಕ್ಕೆ ಬನ್ನಿ ಎಂದರೂ ಗಡ್ಡಿಯ ಜನ ಬರುವುದಿಲ್ಲ, ಹಟಮಾರಿಗಳು ಎಂದು ಅಧಿಕಾರಿಗಳು ಹೇಳುವುದು ಪ್ರತಿವರ್ಷದ ಮಾತು. "ದನ ಬಿಟ್ಟು ಹೆಂಗ ಬರೂದ್ರೀ ಸಾಹೇಬ್ರ" ಎಂದು ಅವರು ಕೇಳುವುದೂ ಪ್ರತಿವರ್ಷದ ಮಾತು. ಎತ್ತು, ಎಮ್ಮೆ, ಕುರಿ ಅವರ ಬ್ಯಾಂಕು, ವಿಮೆ, ಮುಂದಿನ ವರ್ಷದ ಬಿತ್ತನೆ ಎಲ್ಲವೂ. ಅವನ್ನು ಬಿಟ್ಟು ಬಾ ಎನ್ನುವವರು ತಮ್ಮ ಮನೆಯ ಬೀಗವನ್ನಾದರೂ ತೆರೆದಿಟ್ಟು ಹದಿನೈದು ದಿನ ಬೇರೆ ಊರಿಗೆ ಹೋಗುತ್ತಾರೆಯೇ? ಒಂದು ದೊಡ್ಡ ದನ ಬದುಕಿರಲು ದಿನಕ್ಕೆ ಐದು ಕಿಲೊ ಒಣ ಮೇವಾದರೂ ಬೇಕು. ನೂರು ದನಕ್ಕೆ ಹದಿನೈದು ದಿನಕ್ಕೆ 75 ಕ್ವಿಂಟಲ್‌. ಜನರ ಆಹಾರದ ಮೂರು ಪಟ್ಟಿಗೂ ಹೆಚ್ಚು ತೂಕ, ಗಾತ್ರ ಅದಕ್ಕಿಂತ ಎಷ್ಟೋ ದೊಡ್ಡದು. ಇದನ್ನು ಬೋಟಿನಲ್ಲಿ ಸಾಗಿಸುವ ಮಾತೇ ಇಲ್ಲ. ಬೇಸಿಗೆಯಲ್ಲಿ ಬಣವೆ ಒಟ್ಟಬೇಕು, ಗಡ್ಡಿಯ ಎತ್ತರದ ದಿಬ್ಬದ ಮೇಲೆ, ಬುಡಕ್ಕೆ ಕಲ್ಲು ಹಾಸಿ, ಮೇಲೆ ತಾಡಪತ್ರಿ ಬಿಗಿದು. ನಾರಾಯಣಪುರ ಎಡದಂಡೆ ಕಾಲುವೆಯ ಬಯಲಿನಲ್ಲಿ ಭತ್ತದ ಕೊಯ್ಲಿನ ನಂತರ ಹುಲ್ಲಿಗೆ ಬೆಂಕಿ ಇಡುವ ಗದ್ದೆಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆ ಹುಲ್ಲೇ ಹತ್ತಿಪ್ಪತ್ತು ಕಿಲೊಮೀಟರ್‌ ಆಚೆಯ ಗಡ್ಡಿಯ ಎಮ್ಮೆಯ ಜೀವ. ನೀರಾವರಿಯ ರೈತಬಾಂಧವರೇ, ಅಣೆಕಟ್ಟೆಯ ಫಲ ಉಂಡವರು ನಾವು. ಅದರ ಬಾಗಿಲು ತೆರೆದಾಗ ನೋವು ಉಣ್ಣುವವರು ಅವರು. ಎಕರೆಗೆ ನಾಲ್ಕು ಕಟ್ಟು ಹುಲ್ಲು ಕೊಡುವುದು ನಮ್ಮ ಮೇಲಿನ ಋಣ.

ಹಣ ಎಲ್ಲಿಂದ ಎಂದು ಕೇಳುವವರಿಗೆ: ಕಾಳಿಗೆ ಹೊಸ ಹಣ ಬೇಕಾಗಿಲ್ಲ. ಅದು ಆ ಜನರದ್ದೇ ಪಡಿತರ. 2025ರ ಮೇ ತಿಂಗಳಲ್ಲಿ ಕೇಂದ್ರ ಆಹಾರ ಇಲಾಖೆಯೇ ಮಳೆಗಾಲದ ಕಾರಣ ಕೊಟ್ಟು, ಆಗಸ್ಟ್‌ವರೆಗಿನ ಪಡಿತರವನ್ನು ಮುಂಗಡವಾಗಿ ಎತ್ತುವಳಿ ಮಾಡಿ ಹಂಚುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಹಾಗಾದರೆ ಮುಂಗಡ ಪಡಿತರ ಆಗದ ಮಾತಲ್ಲ. ಜೂನ್‌, ಜುಲೈ, ಆಗಸ್ಟ್‌ ಮೂರೂ ತಿಂಗಳದ್ದು ಮೇ ಕೊನೆಗೆ ಗಡ್ಡಿಯ ಮನೆಗಳಲ್ಲೇ ಇರಬೇಕು. ತೊಡಕು ಇರುವುದು ಬೆರಳಚ್ಚಿನಲ್ಲಿ. ನೆಟ್‌ವರ್ಕ್‌ ಸಿಗದ ಊರಲ್ಲಿ ಥಂಬ್‌ ಯಂತ್ರ ಒಪ್ಪದಿದ್ದರೆ ಜನ ಕೂಲಿ ಬಿಟ್ಟು ಹೊಳೆ ದಾಟಿ ಅಂಗಡಿಗೆ ಬರಬೇಕು, ಯಂತ್ರ ಒಪ್ಪುವವರೆಗೆ ದಿನಗಟ್ಟಲೆ ತಿರುಗಬೇಕು. ಗಡ್ಡಿಗಳಿಗೆ ಮಾತ್ರ ಕಾಗದದ ಪಟ್ಟಿ, ಸಹಿ, ಇಬ್ಬರು ಸಾಕ್ಷಿ ಸಾಕೆಂದು ಜಿಲ್ಲಾಧಿಕಾರಿಗಳು ಸರ್ಕಾರದಿಂದ ಒಪ್ಪಿಗೆ ತರಬೇಕು. ಗುಳಿಗೆ, ಡ್ರಮ್ಮು, ತಾಡಪತ್ರಿ, ಡೀಸೆಲ್‌ ಗಿರಣಿಗೆ ವಿಪತ್ತು ನಿಧಿ ಇದೆ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಹತ್ತನೇ ಒಂದು ಪಾಲನ್ನು ಸಿದ್ಧತೆಗೆ ಮತ್ತು ಸಾಮರ್ಥ್ಯ ಬೆಳೆಸುವುದಕ್ಕೆಂದೇ ಎತ್ತಿಟ್ಟಿತು.

ಮನೆಯ ಪಡಿತರದ ಆಚೆಗೆ ಊರಿನ ಸಾಮೂಹಿಕ ದಾಸ್ತಾನು ಶಾಲೆಯ ಕೋಣೆಯಲ್ಲೋ ಗುಡಿಯ ಕಟ್ಟೆಯ ಮೇಲಿನ ಕೋಣೆಯಲ್ಲೋ ಇರಲಿ. ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಗುರುತು ನೋಡಿಯೇ ಜಾಗ ಆರಿಸಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಬೇಕು. ಗೋಡೆಗೆ ಒತ್ತಿಟ್ಟ ಚೀಲ ಮೊದಲು ಬೂಸು ಹಿಡಿಯುತ್ತದೆ. ಬೀಗಕ್ಕೆ ಎರಡು ಕೀಲಿ: ಒಂದು ಊರ ಹೆಣ್ಣುಮಕ್ಕಳ ಸಂಘದ ಬಳಿ, ಇನ್ನೊಂದು ಗ್ರಾಮ ಆಡಳಿತಾಧಿಕಾರಿಯ ಬಳಿ. ದಾರಿ ಕಡಿದ ದಿನ ಅಧಿಕಾರಿಯ ಫೋನ್‌ ಸಿಗದಿದ್ದರೂ ಸಂಘದ ಕೀಲಿಯೊಂದರಿಂದಲೇ ಬಾಗಿಲು ತೆರೆಯಬಹುದೆಂದು ಮೊದಲೇ ಬರೆದುಕೊಟ್ಟಿರಬೇಕು. ಆದೇಶಕ್ಕೆ ಕಾಯುವ ದಾಸ್ತಾನು ಇದ್ದೂ ಇಲ್ಲದಂತೆ. ನೆರೆ ಬಾರದಿದ್ದರೆ ವ್ಯರ್ಥವಾಗುತ್ತದಲ್ಲ ಎನ್ನುವವರುಂಟು. ಏನೂ ವ್ಯರ್ಥವಿಲ್ಲ, ದಸರೆಯ ಹೊತ್ತಿಗೆ ಅದೇ ಕಾಳನ್ನು ಆ ತಿಂಗಳ ಪಡಿತರವಾಗಿ ಹಂಚಿ, ಮುಂದಿನ ಮೇಗೆ ಹೊಸ ಚೀಲ ತುಂಬಿದರಾಯಿತು.

ಇದು ಕನಸಿನ ಮಾತೆನ್ನುವವರು ಬಾಂಗ್ಲಾದೇಶದ ಜಮುನಾ ನದಿಯ ಕಡೆ ನೋಡಬೇಕು. ಅಲ್ಲಿಯ ಚರ್‌ಗಳು ನಮ್ಮ ಗಡ್ಡಿಗಳ ಹಾಗೆಯೇ ನದಿಯ ನಡುವಿನ ನೆಲ, ನಮಗಿಂತ ಬಡ ನೆಲ. 2020ರ ಜುಲೈನಲ್ಲಿ ನೆರೆಯ ಮುನ್ಸೂಚನೆ ಒಂದು ಮಟ್ಟ ಮುಟ್ಟಿದ ಕೂಡಲೇ, ನೀರು ತುತ್ತತುದಿಗೆ ಏರುವ ಮೊದಲೇ, ವಿಶ್ವಸಂಸ್ಥೆಯ ತುರ್ತು ನಿಧಿಯಿಂದ ಹಣ ಬಿಡುಗಡೆಯಾಯಿತು. ಕುಟುಂಬಗಳಿಗೆ ನಗದು, ದನಗಳಿಗೆ ಮೇವು, ಕಾಳು ಬೀಜ ನೆನೆಯದಂತೆ ಮುಚ್ಚಿಡುವ ಪ್ಲಾಸ್ಟಿಕ್‌ ಡ್ರಮ್ಮು ತಲುಪಿದವು. ಅಲ್ಲಿ ಅವರು ಮಾಡಿದ ಜಾಣತನ ಒಂದೇ: ಯಾವ ಅಂಕಿ ಬಂದರೆ ಯಾವ ಕೆಲಸ ಎಂಬುದನ್ನು ಬಿಸಿಲಿನ ದಿನಗಳಲ್ಲೇ ನಿರ್ಧರಿಸಿದ್ದರು. ನಮ್ಮಲ್ಲಿ ಎಷ್ಟು ಕ್ಯೂಸೆಕ್‌ ಬಿಟ್ಟರೆ ಯಾವ ಬಂಡೆ ಮುಳುಗುತ್ತದೆ, ಎಷ್ಟಕ್ಕೆ ಯಾವ ಹೊಲಕ್ಕೆ ನೀರು ನುಗ್ಗುತ್ತದೆ ಎಂಬುದನ್ನು ಪ್ರತಿ ಗಡ್ಡಿಯ ಹಿರಿಯರು ಬಾಯಲ್ಲೇ ಹೇಳುತ್ತಾರೆ. ಅದನ್ನು ಬರೆದುಕೊಂಡು, ಅಣೆಕಟ್ಟೆಯ ಬಿಡುಗಡೆಯ ಅಂಕಿಗೆ ಜೋಡಿಸಿದ ಒಂದು ಪುಟದ ಪಟ್ಟಿ ತಹಶೀಲ್ದಾರ್‌ ಕಚೇರಿಯ ಗೋಡೆಯ ಮೇಲಿದ್ದರೆ ಸಾಕು.

ಇನ್ನೊಂದು ಮಾತು ದಾನಿಗಳಿಗೆ, ಮಠಗಳಿಗೆ, ಸಂಘಗಳ ಯುವಕರಿಗೆ. ನಿಮ್ಮ ಮನಸ್ಸು ದೊಡ್ಡದು, ಅನುಮಾನವಿಲ್ಲ. ಆದರೆ ನಿಮ್ಮ ಲಾರಿ ಡಾಂಬರು ರಸ್ತೆ ಮುಗಿಯುವಲ್ಲಿ ನಿಲ್ಲುತ್ತದೆ. ರಸ್ತೆ ಬದಿಯ ಊರಿಗೆ ಮೂರು ಸಲ ಕಿಟ್ಟು, ಒಳಗಿನ ಗಡ್ಡಿಗೆ ಒಂದೂ ಇಲ್ಲ. ಹಳೆ ಬಟ್ಟೆಯ ರಾಶಿ ಮಳೆಯಲ್ಲಿ ನೆನೆದು, ಅದನ್ನು ಎತ್ತಿಹಾಕುವುದೇ ಪೌರಕಾರ್ಮಿಕರಿಗೆ ಇನ್ನೊಂದು ಕೆಲಸ. ಹೊರಡುವ ಮೊದಲು ತಾಲ್ಲೂಕಿನ ಒಂದೇ ಪಟ್ಟಿಯಲ್ಲಿ ಹೆಸರು ಬರೆಸಿ, ಯಾವ ಊರಿಗೆ ಏನು ಮುಟ್ಟಿಲ್ಲ ಎಂದು ಕೇಳಿ. ಹಂಚುವಾಗ ಅತಿ ದೂರದ ಮನೆಯಿಂದ ಶುರುಮಾಡಿ. ಗಂಡಸರ ನೂಕುನುಗ್ಗಲಲ್ಲಿ ವಿಧವೆ, ಅಂಗವಿಕಲ, ಒಂಟಿ ಮುದುಕಿ ಕೊನೆಗೆ ಬರಿಗೈಯಲ್ಲಿ ಹೋಗುತ್ತಾರೆ. ಹಿಂದಿನ ಸಂಜೆಯೇ ಮನೆಮನೆಗೆ ಚೀಟಿ ಕೊಟ್ಟು, ಅವರನ್ನು ಮೊದಲು ಕರೆಯಿರಿ. ಮುಟ್ಟಿನ ಬಟ್ಟೆ, ಬೆಂಕಿಪೊಟ್ಟಣ, ಟಾರ್ಚು, ಓಆರ್‌ಎಸ್‌ ಪುಡಿ ಕಿಟ್ಟಿನಲ್ಲಿ ಇವೆಯೇ ನೋಡಿ.

ದಾಸ್ತಾನಿಗೂ ಮಿತಿ ಇದೆ, ಮುಚ್ಚಿಡುವುದಿಲ್ಲ. ನೀರು ಊರೊಳಗೇ ನುಗ್ಗುವ ಸೂಚನೆ ಬಂದರೆ ಜೋಳದ ಚೀಲ ಯಾರನ್ನೂ ಉಳಿಸದು. ಆಗ ಜನ, ದನ ಎರಡೂ ಹೊರಡಬೇಕು, ಅದಕ್ಕೇ ಕಾಳಜಿ ಕೇಂದ್ರದ ಪಕ್ಕದಲ್ಲಿ ದೊಡ್ಡಿ, ಮೇವು ಇರಬೇಕು. ಹಾವಿನ ವಿಷಕ್ಕೆ ಮದ್ದು ಗಡ್ಡಿಯಲ್ಲಿ ಇಟ್ಟು ಬರುವಂಥದ್ದಲ್ಲ, ವೈದ್ಯರಿಲ್ಲದೆ ಅದನ್ನು ಕೊಡಲಾಗದು. ಅದಕ್ಕೆ ಬೋಟೇ ಬೇಕು. ಬಿಪಿ, ಸಕ್ಕರೆ, ಕ್ಷಯದ ಗುಳಿಗೆಗಳನ್ನು ಮಾತ್ರ ಎರಡು ತಿಂಗಳಿಗಾಗುವಷ್ಟು ಮೊದಲೇ ಕೊಟ್ಟುಬಿಡಬಹುದು.

ಹಾಗಾಗಿ ಹುಣಸಗಿ, ಸುರಪುರ, ಶಹಾಪುರದ ತಹಶೀಲ್ದಾರರಲ್ಲಿ, ಪಿಡಿಒಗಳಲ್ಲಿ, ಪಡಿತರ ಅಂಗಡಿಯವರಲ್ಲಿ, ಆಶಾ ತಾಯಂದಿರಲ್ಲಿ, ಪಂಚಾಯಿತಿ ಸದಸ್ಯರಲ್ಲಿ ಕೈಮುಗಿದು ಕೇಳುತ್ತೇನೆ. ಏಪ್ರಿಲ್‌ನಲ್ಲಿ ಹೊಳೆ ನಡೆದು ದಾಟಿ, ಗಡ್ಡಿಯಲ್ಲೇ ಒಂದು ಸಭೆ ಕರೆಯಿರಿ. ಎಷ್ಟು ಬಾಯಿ, ಎಷ್ಟು ದನ, ಜುಲೈಯಿಂದ ಅಕ್ಟೋಬರ್‌ವರೆಗೆ ಯಾರ ಹೆರಿಗೆ, ಯಾರಿಗೆ ದಿನಾ ಗುಳಿಗೆ, ಯಾರಿಗೆ ನಡೆಯಲಾಗದು, ಇಷ್ಟನ್ನು ಅವರ ಎದುರಿಗೇ ಬರೆದುಕೊಳ್ಳಿ. ಹೆರಿಗೆಯ ದಿನ ಹತ್ತಿರವಿರುವವರಿಗೆ ಈಚೆ ದಡದಲ್ಲಿ, ಆಸ್ಪತ್ರೆಯ ಪಕ್ಕ, ತಾಯಿಯೋ ಅತ್ತೆಯೋ ಜೊತೆಗಿರಲು ಜಾಗವಿರುವ ಒಂದು ಕೋಣೆ ಗೊತ್ತುಮಾಡಿ. ಮೇ ಮೊದಲ ವಾರದಲ್ಲಿ ಗೋದಾಮಿನಿಂದ ಎತ್ತುವಳಿ, ಎರಡನೇ ವಾರದಲ್ಲಿ ಮೇವು, ಮೂರನೇ ವಾರದಲ್ಲಿ ಡ್ರಮ್ಮು ಮತ್ತು ಗುಳಿಗೆ. ಮೇ 31ರಂದು ಯಾರಾದರೂ ಒಬ್ಬ ಅಧಿಕಾರಿ ಆ ಕೋಣೆಯ ಬೀಗ ತೆಗೆಸಿ, ಚೀಲಗಳನ್ನು ಎಣಿಸಿ, ಪುಸ್ತಕದಲ್ಲಿ ತಾರೀಖು ಹಾಕಿ ಸಹಿ ಮಾಡಲಿ. ಆ ಪುಟದ ಫೋಟೊ ಪಂಚಾಯಿತಿಯ ನೋಟಿಸ್‌ ಬೋರ್ಡಿಗೆ ಬರದಿದ್ದರೆ ಜೂನ್‌ 1ರಂದು ಏಕೆ ಬರಲಿಲ್ಲ ಎಂದು ಹುಣಸಗಿಯ ನಾವು, ಈಚೆ ದಡದವರು, ಕಚೇರಿಗೆ ಹೋಗಿ ಕೇಳಬೇಕು.